ದೊಡ್ಡಮ್ಮನ ಸಂಚಿ, ಇಲಿ ಮತ್ತು ಒಂಬತ್ತು ನೋಟು: 2,730ಕ್ಕೆ 1,670 ಬಂದ ಲೆಕ್ಕ

ಹೋದ ಮಳೆಗಾಲದಲ್ಲಿ ದೊಡ್ಡಮ್ಮ ಫೋನ್ ಮಾಡಿ, "ಇಲಿ ದುಡ್ಡು ತಿಂದುಬಿಡ್ತು ಕಣೋ" ಅಂದರು. ಡೈರಿಗೆ ಹಾಲು ಹಾಕಿ ಉಳಿಸಿದ ದುಡ್ಡು. ಎಲೆಅಡಿಕೆ ಸಂಚಿಯಲ್ಲಿಟ್ಟು, ಸಂಚಿಯನ್ನು ಟ್ರಂಕಿನಲ್ಲಿಟ್ಟಿದ್ದರು. ಟ್ರಂಕಿನ ಮೂಲೆ ತುಕ್ಕು ಹಿಡಿದು ತೂತಾಗಿತ್ತು, ಇಲಿಗೆ ಅಷ್ಟು ಸಾಕಲ್ವಾ. ಒಟ್ಟು ಒಂಬತ್ತು ನೋಟು: ಐನೂರರವು ಐದು, ನೂರರವು ಎರಡು, ಒಂದು ಇಪ್ಪತ್ತು, ಒಂದು ಹತ್ತು. 2,730 ರೂಪಾಯಿ.

ಊರಿಗೆ ಹೋಗಿ ನೋಡಿದಾಗ ಅವರ ಮಗ ಆಗಲೇ ಒಂದು ನೋಟಿಗೆ ಟೇಪ್ ಅಂಟಿಸಿ ಕೂತಿದ್ದ. ಬಸ್ ಸ್ಟ್ಯಾಂಡ್ ಹತ್ತಿರ ಹರಿದ ನೋಟು ತಗೊಳ್ಳೋ ಒಬ್ಬರು ಅಷ್ಟಕ್ಕೂ ಸೇರಿಸಿ 700 ಕೊಡ್ತೀನಿ ಅಂದಿದ್ದರಂತೆ, ಇವನು ಹೆಚ್ಚುಕಮ್ಮಿ ಒಪ್ಪಿಬಿಟ್ಟಿದ್ದ. ಎರಡಕ್ಕೂ ಸ್ವಲ್ಪ ತಡಿ ಅಂದೆ. ಅಂಟಿಸಿದರೆ ದುಡ್ಡು ಜಾಸ್ತಿ ಬರುತ್ತೆ ಅನ್ನೋದು ತುಂಬಾ ಜನರ ನಂಬಿಕೆ. ಅದು ಹಾಗಲ್ಲ. ಯಾಕೆ ಅಲ್ಲ ಅನ್ನೋದೇ ಈ ಪ್ರಕರಣದ ಮುಖ್ಯ ವಿಷಯ.

ಮೊದಲು ಮಾಡಿದ ಕೆಲಸ ಚೂರು ಹುಡುಕಿದ್ದು. ಟ್ರಂಕನ್ನು ಅಂಗಳಕ್ಕೆ ತಂದು, ಹಳೇ ಸೀರೆಗಳನ್ನೆಲ್ಲ ಒಂದೊಂದೇ ಕೊಡವಿ, ಸಂಚಿಯ ಒಳಗಿನ ಬಟ್ಟೆಯನ್ನೂ ತಿರುಗಿಸಿ ನೋಡಿದೆವು. ಹೊಲಿಗೆ ಬಿಟ್ಟ ಜಾಗದಲ್ಲಿ ಐನೂರರ ನೋಟಿನ ಅರ್ಧ ಸಿಕ್ಕಿಹಾಕಿಕೊಂಡಿತ್ತು. ನಾವು ಅದನ್ನು ಇಲಿ ತಿಂದೇಬಿಟ್ಟಿದೆ ಅಂದುಕೊಂಡಿದ್ದೆವು. ಆ ಒಂದು ಚೂರಿನಿಂದ ಆಮೇಲೆ 250 ರೂಪಾಯಿ ಜಾಸ್ತಿ ಬಂತು. ಈ ಹುಡುಕಾಟ ಬ್ಯಾಂಕಿಗೆ ಹೋಗೋ ಮುಂಚೆಯೇ ಆಗಬೇಕು. ಬ್ಯಾಂಕ್ ಒಮ್ಮೆ ನೋಟು ನೋಡಿ ತೀರ್ಮಾನ ಮಾಡಿದ ಮೇಲೆ, ದುಡ್ಡು ಕೊಟ್ಟರೂ ಕೊಡದಿದ್ದರೂ ಆ ನೋಟು ಅವರ ಹತ್ತಿರವೇ ಉಳಿಯುತ್ತೆ. ಇನ್ನೊಂದು ಚೂರು ಸಿಕ್ಕಿತು ಅಂತ ನಾಳೆ ಹೋಗಿ ಜೋಡಿಸೋಕೆ ಆಗಲ್ಲ.

ಆಮೇಲೆ ಹುಡುಗರ ಗ್ರಾಫ್ ಪುಸ್ತಕದಿಂದ ಒಂದು ಹಾಳೆ ಕಿತ್ತುಕೊಂಡೆ. ನೋಟಿನ ಬೆಲೆ ನಿಂತಿರೋದು ಅದರ ವಿಸ್ತೀರ್ಣದ ಮೇಲೆ. ಈಗಿನ ಐನೂರರ ನೋಟು 15 ಸೆಂಟಿಮೀಟರ್ ಉದ್ದ, 6.6 ಸೆಂಟಿಮೀಟರ್ ಅಗಲ. ಅಂದ್ರೆ 99 ಚದರ ಸೆಂಟಿಮೀಟರ್. ಸುಲಭಕ್ಕೆ 99 ಚೌಕ ಅಂತ ಇಟ್ಟುಕೊಳ್ಳೋಣ, ಗ್ರಾಫ್ ಹಾಳೆಯ ಒಂದು ಸೆಂಟಿಮೀಟರಿನ ಚೌಕಗಳು. ನೋಟನ್ನು ಹಾಳೆಯ ಮೇಲೆ ಚಪ್ಪಟೆಯಾಗಿ ಇಟ್ಟು, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಒಳಗೆ ಎಷ್ಟು ಚೌಕ ಬಂತು ಅಂತ ಎಣಿಸಿದರೆ ಆಯಿತು. ಅರ್ಧಕ್ಕಿಂತ ಜಾಸ್ತಿ ಒಳಗಿರೋ ಚೌಕವನ್ನು ಒಂದು ಅಂತ, ಕಮ್ಮಿ ಇರೋದನ್ನು ಸೊನ್ನೆ ಅಂತ ಹಿಡಿದೆ.

ಎಣಿಸೋವಾಗ ಒಂದು ತಮಾಷೆ ಕಂಡಿತು. ದೊಡ್ಡಮ್ಮ ನೋಟನ್ನು ಯಾವಾಗಲೂ ನಾಲ್ಕು ಮಡಿಕೆ ಮಾಡಿ ಇಡೋದು. ಹಾಗೆ ಮಡಿಸಿದ ನೋಟಿನ ಮಡಿಕೆಗಳು ಕೂಡೋ ಮೂಲೆಯನ್ನು ಇಲಿ ಕಡಿದರೆ, ಬಿಚ್ಚಿದಾಗ ಮೂಲೆ ಹೋಗಿರಲ್ಲ, ನೋಟಿನ ನಟ್ಟನಡುವೆ ದೊಡ್ಡ ತೂತು ಬಿದ್ದಿರುತ್ತೆ. ಮಡಿಸಿದಾಗ ಮೂರು ಚೌಕದಷ್ಟು ಕಡಿದಿದ್ದು ಬಿಚ್ಚಿದಾಗ ಹನ್ನೆರಡು. ಇಲಿ ಒಂದು ಬಾರಿ ತಿಂದದ್ದನ್ನು ನೋಟು ನಾಲ್ಕು ಬಾರಿ ಕಳೆದುಕೊಳ್ಳುತ್ತೆ. ಮಡಿಸದೆ ಚಪ್ಪಟೆಯಾಗಿ ಇಟ್ಟಿದ್ದರೆ ಐದೂ ನೋಟು ಪೂರ್ತಿ ಬೆಲೆಗೆ ಹೋಗುತ್ತಿದ್ದವೇನೋ.

ಈಗ ನಿಯಮ. ರಿಸರ್ವ್ ಬ್ಯಾಂಕಿನ ನೋಟು ಮರುಪಾವತಿ ನಿಯಮಗಳು 2009ರವು, 2018ರಲ್ಲಿ ತಿದ್ದುಪಡಿ ಆಗಿವೆ. ಐವತ್ತು ಮತ್ತು ಅದಕ್ಕಿಂತ ದೊಡ್ಡ ನೋಟಿಗೆ, ಉಳಿದಿರೋ ಚೂರುಗಳಲ್ಲಿ ಅತಿ ದೊಡ್ಡದು ಪೂರ್ತಿ ನೋಟಿನ ಶೇಕಡಾ 80ಕ್ಕಿಂತ ಜಾಸ್ತಿ ಇದ್ದರೆ ಪೂರ್ತಿ ದುಡ್ಡು. 40ರಿಂದ 80ರ ಒಳಗೆ ಇದ್ದರೆ ಅರ್ಧ. 40ಕ್ಕಿಂತ ಕಮ್ಮಿ ಇದ್ದರೆ ಏನೂ ಇಲ್ಲ. ಇಪ್ಪತ್ತು ಮತ್ತು ಅದಕ್ಕಿಂತ ಸಣ್ಣ ನೋಟಿಗೆ ಅರ್ಧ ಅನ್ನೋದೇ ಇಲ್ಲ: ದೊಡ್ಡ ಚೂರು ಶೇಕಡಾ 50ಕ್ಕಿಂತ ಜಾಸ್ತಿ ಇದ್ದರೆ ಪೂರ್ತಿ, ಇಲ್ಲಾಂದ್ರೆ ಸೊನ್ನೆ.

ಇಲ್ಲಿ ಗಮನಿಸಬೇಕಾದ್ದು "ಅತಿ ದೊಡ್ಡ ಚೂರು" ಅನ್ನೋ ಮಾತು. ಎಲ್ಲ ಚೂರು ಕೂಡಿಸಿ ಲೆಕ್ಕ ಹಾಕೋದಲ್ಲ. ಹರಿಯದೆ, ತುಂಡಾಗದೆ ಒಂದಾಗಿ ಉಳಿದಿರೋ ಒಂದೇ ಚೂರನ್ನು ಅಳೆಯೋದು. ಟೇಪ್ ಹಾಕಿದರೂ ಅದು ಎರಡು ಚೂರೇ. ನಡುವೆ ತೂತು ಬಿದ್ದ ನೋಟು ಮಾತ್ರ ಒಂದೇ ಚೂರು, ತೂತಿನ ಸುತ್ತ ಕಾಗದ ಬಿಡದೆ ಇದೆಯಲ್ಲ.

ಹೀಗ್ಯಾಕೆ ಅಂತ ಗ್ರಾಫ್ ಹಾಳೆ ಮುಂದಿಟ್ಟುಕೊಂಡು ಯೋಚಿಸಿದಾಗ ನನಗೆ ಹೊಳೆದದ್ದು ಇದು. ಒಂದು ಐನೂರರ ನೋಟನ್ನು ಯಾರೋ ಎರಡು ತುಂಡು ಮಾಡಿ ಬೇರೆಬೇರೆ ಬ್ಯಾಂಕಿಗೆ ತೆಗೆದುಕೊಂಡು ಹೋದರು ಅಂದುಕೊಳ್ಳಿ. ಸರಿಯಾಗಿ ಅರ್ಧರ್ಧ ಮಾಡಿದರೆ ಎರಡು ಕಡೆಯೂ 250, ಒಟ್ಟು ಐನೂರು. ಅರವತ್ತು-ನಲವತ್ತು ಮಾಡಿದರೂ ಅಷ್ಟೇ. ಎಪ್ಪತ್ತು-ಮೂವತ್ತು ಮಾಡಿದರೆ ಒಂದು ಕಡೆ 250, ಇನ್ನೊಂದು ಕಡೆ ಸೊನ್ನೆ, ಅಂದ್ರೆ ನಷ್ಟ. ತೊಂಬತ್ತು-ಹತ್ತು ಮಾಡಿದರೆ ಒಂದು ಕಡೆ ಐನೂರು, ಇನ್ನೊಂದು ಕಡೆ ಏನಿಲ್ಲ. ಹೇಗೆ ಕತ್ತರಿಸಿದರೂ ಒಂದು ನೋಟಿನಿಂದ ಐನೂರಕ್ಕಿಂತ ಒಂದು ರೂಪಾಯಿ ಜಾಸ್ತಿ ಬರಲ್ಲ. ಸಣ್ಣ ನೋಟಿನಲ್ಲೂ ಹಾಗೇ, ಅರ್ಧಕ್ಕಿಂತ ಜಾಸ್ತಿ ಇರೋ ಚೂರು ಒಂದೇ ಇರೋಕೆ ಸಾಧ್ಯ. ಚೂರುಗಳನ್ನು ಕೂಡಿಸೋಕೆ ಬಿಟ್ಟಿದ್ದರೆ ಹತ್ತು ನೋಟಿನಿಂದ ಒಂದೊಂದು ಪಟ್ಟಿ ಕತ್ತರಿಸಿ ಹನ್ನೊಂದನೇ ನೋಟು ಅಂಟಿಸೋ ಬುದ್ಧಿವಂತರು ಹುಟ್ಟಿಕೊಳ್ಳುತ್ತಿದ್ದರು.

ಕೂಡಿಸಬಾರದು ಅನ್ನೋದಕ್ಕೆ ಒಂದೇ ಒಂದು ರಿಯಾಯಿತಿ ಇದೆ. ಐವತ್ತು ಮತ್ತು ಮೇಲಿನ ನೋಟು ಎರಡು ಚೂರಾಗಿದ್ದು, ಎರಡೂ ಅದೇ ನೋಟಿನವಾಗಿದ್ದು, ಪ್ರತಿಯೊಂದೂ ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪೂರ್ತಿ ದುಡ್ಡು ಕೊಡುತ್ತಾರೆ. ಮೇಲಿನ ಲೆಕ್ಕಕ್ಕೆ ಇದು ಹೊಂದುತ್ತೆ ಕೂಡ, ಎರಡು ಅರ್ಧ ಸೇರಿ ಒಂದು ಪೂರ್ತಿ. ಸಂಚಿಯ ಹೊಲಿಗೆಯಲ್ಲಿ ಸಿಕ್ಕ ಚೂರು ಬೆಲೆ ಬಾಳಿದ್ದು ಇದರಿಂದಲೇ.

ಇನ್ನು ಎಲ್ಲಿಗೆ ಹೋಗಬೇಕು ಅನ್ನೋದು. ಊರಿನ ಹತ್ತಿರದ ಬ್ರಾಂಚಿಗೆ ಹೋದೆವು. ಕೌಂಟರಿನವರು ಚೀಲ ನೋಡಿದವರೇ "ಇದು ನಮ್ಮಲ್ಲಿ ಆಗಲ್ಲ" ಅಂದರು. ನನಗೆ ಸಿಟ್ಟು ಬಂತು. ಯಾಕಂದ್ರೆ ಹರಿದ ನೋಟು ಬದಲಾಯಿಸಿಕೊಡೋದು ಎಲ್ಲ ವಾಣಿಜ್ಯ ಬ್ಯಾಂಕಿನ ಎಲ್ಲ ಬ್ರಾಂಚಿನ ಕೆಲಸ, ಅಲ್ಲಿ ಖಾತೆ ಇರಲೇಬೇಕು ಅಂತಲೂ ಇಲ್ಲ. ಮಾತು ಸ್ವಲ್ಪ ಬೆಳೆದು ಮ್ಯಾನೇಜರ್ ಒಳಗೆ ಕರೆದರು. ಅವರು ನೋಟು ಎಣಿಸಿ, "ಐದರ ಒಳಗಿದ್ದರೆ ನಾವೇ ನೋಡಿ ಕೊಡ್ತಿದ್ವಿ ಸಾರ್. ಒಂಬತ್ತಿದೆ. ಚೆಸ್ಟ್ ಬ್ರಾಂಚಿಗೆ ಹೋಗಿ" ಅಂದರು. ಹೇಳಿದ್ದು ಸರಿಯೇ ಇತ್ತು, ಕೌಂಟರಿನವರು ಹೇಳಿದ ರೀತಿ ಸರಿ ಇರಲಿಲ್ಲ ಅಷ್ಟೇ.

ಚೆಸ್ಟ್ ಬ್ರಾಂಚ್ ಅಂದ್ರೆ ರಿಸರ್ವ್ ಬ್ಯಾಂಕಿನ ಪರವಾಗಿ ನೋಟಿನ ದಾಸ್ತಾನು ಇಟ್ಟುಕೊಳ್ಳೋ ಬ್ರಾಂಚ್. ಐದು ನೋಟಿನವರೆಗೆ ಸಾಮಾನ್ಯ ಬ್ರಾಂಚೇ ನೋಡಿ ಕೌಂಟರಿನಲ್ಲೇ ಕೊಡಬೇಕು. ಅವರಿಗೆ ತೀರ್ಮಾನ ಮಾಡೋಕೆ ಆಗದಿದ್ದರೆ ರಶೀದಿ ಕೊಟ್ಟು ಚೆಸ್ಟಿಗೆ ಕಳಿಸಬೇಕು, ದುಡ್ಡು ಯಾವಾಗ ಬರುತ್ತೆ ಅಂತ ರಶೀದಿಯಲ್ಲೇ ಬರೆಯಬೇಕು, ಅದು 30 ದಿನ ಮೀರಬಾರದು. ಐದಕ್ಕಿಂತ ಜಾಸ್ತಿ ಇದ್ದರೆ ನಾವೇ ಚೆಸ್ಟ್ ಬ್ರಾಂಚಿಗೆ ಹೋಗೋದು, ಅಥವಾ ಬೆಲೆ 5,000 ರೂಪಾಯಿ ದಾಟದಿದ್ದರೆ ಖಾತೆಯ ವಿವರ ಬರೆದು ವಿಮೆ ಮಾಡಿಸಿದ ಅಂಚೆಯಲ್ಲಿ ಕಳಿಸೋದು.

ಇದು ತುಂಡಾದ, ಭಾಗ ಹೋದ ನೋಟಿನ ಮಾತು. ಬರೀ ಮಾಸಿದ ನೋಟಿನ ದಾರಿ ಬೇರೆ, ಸುಲಭ. ಕೈಯಿಂದ ಕೈಗೆ ಹೋಗಿ ಕೊಳೆಯಾದದ್ದು, ಅಥವಾ ಎರಡೇ ತುಂಡಾಗಿ ಏನೂ ಕಳೆದುಹೋಗದೆ ಅಂಟಿಸಿದ್ದು, ಎರಡೂ ಮಾಸಿದ ನೋಟೇ. ದಿನಕ್ಕೆ 20 ನೋಟು, 5,000 ರೂಪಾಯಿವರೆಗೆ ಯಾವ ಬ್ರಾಂಚಿನಲ್ಲಾದರೂ ಕೌಂಟರಿನಲ್ಲೇ ಪುಕ್ಕಟೆ ಬದಲಾಯಿಸುತ್ತಾರೆ, ವಿಸ್ತೀರ್ಣದ ತಕರಾರು ಏನೂ ಇಲ್ಲ. ಅದಕ್ಕೇ ನಿಮ್ಮ ನೋಟು ಯಾವ ಜಾತಿಯದು ಅಂತ ಮೊದಲೇ ತಿಳಿದುಕೊಂಡು ಹೋದರೆ ಅರ್ಧ ಜಗಳ ಕಮ್ಮಿ.

ಮಾರನೇ ದಿನ ಜಿಲ್ಲಾ ಕೇಂದ್ರದ ಚೆಸ್ಟ್ ಬ್ರಾಂಚಿಗೆ ಹೋದೆವು. ಸಂಚಿಯನ್ನೂ ತೆಗೆದುಕೊಂಡು ಹೋಗೋಣ ಅಂತ ದೊಡ್ಡಮ್ಮನೇ ಹೇಳಿದ್ದು, "ನಂಬಲ್ಲ ಅಂದ್ರೆ ತೋರಿಸ್ಬೋದು" ಅಂತ. ಅದು ಎಷ್ಟು ಒಳ್ಳೆಯದಾಯಿತು ಅಂದ್ರೆ, ಅಧಿಕಾರಿ ಮೇಡಂ ನೋಟುಗಳನ್ನು ಮೇಜಿನ ಮೇಲೆ ಹರಡಿದ ತಕ್ಷಣ ಅವರ ಮುಖ ಬದಲಾಯಿತು. ಎರಡು ಐನೂರರ ನೋಟಿಗೆ ಒಂದೇ ಜಾಗದಲ್ಲಿ, ಒಂದೇ ಆಕಾರದ ತೂತು. "ಇದೇನಮ್ಮ, ಎಲ್ಲಾ ಒಂದೇ ಥರ ಇದೆ?" ಅಂದರು.

ಅವರ ಅನುಮಾನಕ್ಕೆ ಕಾರಣ ಇದೆ. ಬೇಕಂತಲೇ ಕತ್ತರಿಸಿದ್ದು ಅಂತ ಕಂಡರೆ ಅದು ಎಷ್ಟೇ ದೊಡ್ಡ ಚೂರಾದರೂ ತಿರಸ್ಕರಿಸಬೇಕು. ಅದನ್ನು ಪತ್ತೆ ಹಚ್ಚೋ ಗುರುತೇ ಇದು: ಹಲವು ನೋಟುಗಳಲ್ಲಿ ಒಂದೇ ಜಾಗ, ಒಂದೇ ಆಕಾರ ಮಾಯ ಆಗಿರೋದು. ಇಲಿ ಪಾಪ ಇದೆಲ್ಲ ಯೋಚಿಸಿ ಕಡಿದಿರಲ್ಲ, ಆದರೆ ಮಡಿಸಿಟ್ಟ ನೋಟು ಕಡಿದಾಗ ಹಾಗೇ ಕಾಣುತ್ತೆ. ದೊಡ್ಡಮ್ಮ ಸಂಚಿ ತೆಗೆದು ಮೇಜಿನ ಮೇಲಿಟ್ಟರು. ಬಟ್ಟೆಯಲ್ಲೂ ಅದೇ ಮೂಲೆಗೆ ತೂತು, ಅಂಚು ದಾರದಾರವಾಗಿತ್ತು. ಮೇಡಂ ಒಂದು ನೋಟನ್ನು ಕಿಟಕಿ ಕಡೆ ಹಿಡಿದು ನೋಡಿದರು. ಕತ್ತರಿ ಹಾಕಿದರೆ ಅಂಚು ಸರಾಗ ಇರುತ್ತೆ, ಇದರಲ್ಲಿ ಸಣ್ಣಸಣ್ಣ ಹಲ್ಲಿನ ಗುರುತು ಸಾಲಾಗಿ, ಕಾಗದದ ಎಳೆ ಎದ್ದಿತ್ತು. ನೋಟಿನ ಕಾಗದ ಹತ್ತಿಯದು, ಕಡಿದಾಗ ಹಾಗೆ ಎಳೆ ಏಳುತ್ತೆ. ಸಂಚಿ ಮೂಸಿ ನೋಡಿ "ಅಡಿಕೆ ವಾಸನೆಗೆ ಬಂದಿರ್ಬೇಕು" ಅಂದರು, ಅಲ್ಲಿಗೆ ಅನುಮಾನ ಮುಗಿಯಿತು.

ಅಳೆಯೋಕೆ ಅವರ ಹತ್ತಿರ ಚೌಕದ ಗೆರೆ ಇರೋ ಪಾರದರ್ಶಕ ಹಾಳೆ ಇತ್ತು. ನೋಟಿನ ಮೇಲೆ ಇಟ್ಟು ಮೇಲಿನಿಂದಲೇ ಎಣಿಸೋದು, ನಮ್ಮ ಪೆನ್ಸಿಲ್ ಗೆರೆಯ ಗೋಜಿಲ್ಲ. ಐನೂರಕ್ಕೆ ಪೂರ್ತಿ ಬೇಕಂದ್ರೆ 80 ಚೌಕ, ಅರ್ಧಕ್ಕೆ 40.

ಮೊದಲ ನೋಟಿನ ತೂತು 12 ಚೌಕ, ಉಳಿದದ್ದು 87. ಪೂರ್ತಿ ಐನೂರು. ಎರಡನೆಯದರ ತೂತು 21, ಉಳಿದದ್ದು 78. ಎರಡೇ ಚೌಕ ಕಮ್ಮಿ, 250. ನಾನು "ಮೇಡಂ, ಎರಡು ಚೌಕ..." ಅಂತ ರಾಗ ಎಳೆದೆ. ಅವರು ಇನ್ನೊಂದು ಸಲ ಎಣಿಸಿದರು, 78ಏ ಬಂತು. 2018ಕ್ಕಿಂತ ಮುಂಚೆ ಪೂರ್ತಿ ದುಡ್ಡಿನ ಗೆರೆ ಶೇಕಡಾ 65ರಲ್ಲಿತ್ತು, ಆಗಿನ ಲೆಕ್ಕದಲ್ಲಿ ಇದು ಸಲೀಸಾಗಿ ಪೂರ್ತಿ ಬೆಲೆಗೆ ಹೋಗುತ್ತಿತ್ತು.

ಮೂರನೆಯದು ಮಧ್ಯದ ಮಡಿಕೆಯ ಉದ್ದಕ್ಕೂ ಕಡಿದು ಎರಡು ಭಾಗವಾದದ್ದು. ಒಂದು 44 ಚೌಕ, ಹೊಲಿಗೆಯಲ್ಲಿ ಸಿಕ್ಕಿದ್ದು 43. ಎರಡೂ 40ರ ಮೇಲೆ, ಎರಡರ ಮೇಲೂ ಒಂದೇ ನಂಬರ್. ಪೂರ್ತಿ ಐನೂರು. ನಾಲ್ಕನೆಯದು ಅಣ್ಣ ಟೇಪ್ ಹಾಕಿದ್ದು. ಚೂರುಗಳು 52 ಮತ್ತು 30. ಕೂಡಿಸಿದರೆ 82, ನೋಡೋಕೆ ಮೂರನೆಯದಷ್ಟೇ ಗಟ್ಟಿ. ಆದರೆ ಸಣ್ಣ ಚೂರು 40 ಮುಟ್ಟಲ್ಲ, ಹಾಗಾಗಿ 52ರ ಚೂರಿಗೆ ಮಾತ್ರ ಬೆಲೆ, 250. ಅಣ್ಣ "ಅಂಟಿಸಿದ್ನಲ್ಲ ಮೇಡಂ" ಅಂದ. ಅವರು ನೋಟನ್ನು ಬೆಳಕಿಗೆ ಹಿಡಿದು, ಟೇಪಿನ ಕೆಳಗೆ ಕಾಣೋ ಗೆರೆ ತೋರಿಸಿದರು, ಅಷ್ಟೇ. ಐದನೆಯದು ಪೂರಾ ಚಿಂದಿ. ದೊಡ್ಡ ಚೂರೇ 31. ಏನಿಲ್ಲ.

ನನಗೆ ತುಂಬಾ ಇಷ್ಟವಾದದ್ದು ನೂರರ ಎರಡು ನೋಟುಗಳ ಕಥೆ. ಒಂದು ಹಳೇದು, ನೀಲಿ-ಹಸಿರು ಬಣ್ಣದ್ದು. ಇನ್ನೊಂದು 2018ರಲ್ಲಿ ಬಂದ ನೇರಳೆ ಛಾಯೆಯದು. ಎರಡನ್ನೂ ಒಟ್ಟಿಗೆ ಮಡಿಸಿಟ್ಟಿದ್ದರು, ಹಾಗಾಗಿ ಇಲಿ ಎರಡರಿಂದಲೂ ಸಮವಾಗಿ, ಸುಮಾರು 20 ಚೌಕ ತಿಂದಿತ್ತು. ಹಳೇ ನೋಟು 15.7 ಸೆಂಟಿಮೀಟರ್ ಉದ್ದ, 7.3 ಅಗಲ, ಹೆಚ್ಚುಕಮ್ಮಿ 115 ಚೌಕ. ಇಪ್ಪತ್ತು ಹೋದರೂ 94 ಉಳಿಯಿತು, ಬೇಕಾದದ್ದು 92. ಪೂರ್ತಿ ನೂರು. ಹೊಸದು 14.2ಕ್ಕೆ 6.6, ಅಂದ್ರೆ 94 ಚೌಕಕ್ಕೆ ಸ್ವಲ್ಪ ಕಮ್ಮಿ. ಇಪ್ಪತ್ತು ಹೋಗಿ 73 ಉಳಿಯಿತು, ಬೇಕಾದದ್ದು 75. ಐವತ್ತು. ಅದೇ ಇಲಿ, ಅದೇ ಕಡಿತ, ಅದೇ ನೂರು ರೂಪಾಯಿ. ನೋಟು ಸಣ್ಣದಾದಷ್ಟೂ ಅದೇ ತೂತು ದೊಡ್ಡದಾಗುತ್ತೆ.

ಇಪ್ಪತ್ತರ ನೋಟು 81 ಚೌಕ, ದೊಡ್ಡ ಚೂರು 45. ಐನೂರರ ನೋಟಾಗಿದ್ದರೆ ಈ ಪಾಲಿಗೆ ಅರ್ಧವೇ ಸಿಗುತ್ತಿತ್ತು, ಇಪ್ಪತ್ತಾದ್ದರಿಂದ ಪೂರ್ತಿ ಇಪ್ಪತ್ತು. ಹತ್ತರದು 36, ಬೇಕಾದದ್ದು 39. ಸೊನ್ನೆ.

ಪ್ರತಿ ನೋಟಿಗೂ ಠಸ್ಸೆ ಹೊಡೆದು ಸಹಿ ಹಾಕಿದರು. ಠಸ್ಸೆ ಬಿದ್ದ ನೋಟು ಮತ್ತೆ ಯಾವ ಬ್ಯಾಂಕಿಗೆ ಬಂದರೂ ನಡೆಯಲ್ಲ. ರಿಜಿಸ್ಟರಿನಲ್ಲಿ ದೊಡ್ಡಮ್ಮನ ಹೆಸರು, ಊರು, ಫೋನ್ ನಂಬರ್ ಬರೆದುಕೊಂಡು 1,670 ರೂಪಾಯಿ ಅಲ್ಲೇ ಕೈಗೆ ಕೊಟ್ಟರು. ಕಮಿಷನ್ ಅಂತ ಒಂದು ಪೈಸೆ ಹಿಡಿಯಲಿಲ್ಲ. ಬಸ್ ಸ್ಟ್ಯಾಂಡಿನವರ 700 ನೆನಪಾಗಿ ಅಣ್ಣ ಸುಮ್ನೆ ಗೋಡೆ ನೋಡುತ್ತಾ ನಿಂತಿದ್ದ.

ದೊಡ್ಡಮ್ಮನಿಗೆ ಮಾತ್ರ ಸಮಾಧಾನ ಇಲ್ಲ. "ಅರ್ಧಂಬರ್ಧ ಕೊಟ್ಟರೆ ಹೇಗೆ, ನಂದೇ ದುಡ್ಡಲ್ವಾ?" ಅಂತ ಹೊರಗೆ ಬಂದು ಕೇಳಿದರು. ಕಾನೂನಿನ ಪ್ರಕಾರ ಅಷ್ಟೂ ಹಕ್ಕಲ್ಲ. ರಿಸರ್ವ್ ಬ್ಯಾಂಕಿನ 1934ರ ಕಾಯ್ದೆಯ 28ನೇ ಕಲಂ ಹೇಳೋದು, ಕಳೆದುಹೋದ, ಕಳುವಾದ, ಹರಿದ ಅಥವಾ ದೋಷ ಇರೋ ನೋಟಿನ ಬೆಲೆ ವಸೂಲಿ ಮಾಡೋ ಹಕ್ಕು ಯಾರಿಗೂ ಇಲ್ಲ, ಆದರೆ ನಿಯಮ ಮಾಡಿ ಕೃಪೆಯಿಂದ ಕೊಡಬಹುದು ಅಂತ. ಇದನ್ನು ಅವರಿಗೆ ಹೇಗೆ ಹೇಳೋದು ಅಂತ ತಿಳಿಯದೆ ಕಾಫಿ ಕುಡಿಯೋಣ ಬನ್ನಿ ಅಂದೆ.

ಅಲ್ಲಿ ಕಾಯುವಾಗ ಪಕ್ಕದಲ್ಲಿದ್ದವರದ್ದು ಬೇರೆ ಕಥೆ, ಅದನ್ನೂ ಹೇಳಿಬಿಡ್ತೀನಿ. ಅವರ ನೋಟು ಪ್ಯಾಂಟಿನ ಜೇಬಲ್ಲೇ ಉಳಿದು ವಾಷಿಂಗ್ ಮೆಷಿನ್ನಿಗೆ ಹೋಗಿತ್ತು. ಆಕಾರ ಪೂರ್ತಿ ಇದೆ, ಬಣ್ಣ ಹೋಗಿದೆ. ಇದರಲ್ಲಿ ವಿಸ್ತೀರ್ಣದ ಜೊತೆ ಇನ್ನೊಂದು ಪ್ರಶ್ನೆ ಬರುತ್ತೆ: ಅಚ್ಚಾದದ್ದು ಸ್ವಲ್ಪವಾದರೂ ಓದೋಕೆ ಆಗುತ್ತಾ, ನೋಟು ಅಸಲಿ ಅಂತ ಅಧಿಕಾರಿಗೆ ಖಾತ್ರಿ ಆಗುತ್ತಾ. ಎರಡಕ್ಕೂ ಹೌದು ಅನ್ನೋದಾದರೆ ದುಡ್ಡು ಸಿಗುತ್ತೆ. ಸುಟ್ಟು ಕರಕಲಾದದ್ದು, ಮುಟ್ಟಿದರೆ ಪುಡಿಯಾಗೋದು, ಬಿಡಿಸೋಕೆ ಬರದ ಹಾಗೆ ಅಂಟಿಕೊಂಡದ್ದು ಇದ್ದರೆ ಬ್ಯಾಂಕ್ ತಗೊಳ್ಳಲ್ಲ. ಅದಕ್ಕೆ ರಿಸರ್ವ್ ಬ್ಯಾಂಕಿನ ಕಚೇರಿಗೇ ಹೋಗಬೇಕು, ನಮ್ಮವರಿಗೆ ಬೆಂಗಳೂರಿನ ನೃಪತುಂಗ ರಸ್ತೆಯದು. ಅಲ್ಲಿ ಅಂಥದ್ದಕ್ಕೆ ಬೇರೆ ಪದ್ಧತಿ ಇದೆ. ಅಂಥ ನೋಟನ್ನು ಬಿಡಿಸೋಕೆ ಹೋಗದೆ, ಇದ್ದ ಹಾಗೇ ಡಬ್ಬಿಯಲ್ಲಿಟ್ಟು ತೆಗೆದುಕೊಂಡು ಹೋಗೋದು ವಾಸಿ.

ಎರಡು ವಾರ ಆದ ಮೇಲೆ ದೊಡ್ಡಮ್ಮ ಮತ್ತೆ ಫೋನ್ ಮಾಡಿದರು. ಟ್ರಂಕ್ ಇದ್ದ ಜಾಗ ಗುಡಿಸುವಾಗ ಐನೂರರ ನೋಟಿನ ಇನ್ನೊಂದು ಚೂರು ಸಿಕ್ಕಿತಂತೆ. ಮೊಮ್ಮಗನ ಹತ್ತಿರ ಗ್ರಾಫ್ ಹಾಳೆ ಇಸಕೊಂಡು ಆಗಲೇ ಎಣಿಸಿಯೂ ಆಗಿತ್ತು. "ಹದ್ನಾಕು ಚೌಕ ಬಂತು ಕಣೋ. ಆ ಮೂವತ್ತೊಂದಕ್ಕೆ ಸೇರ್ಸಿದ್ರೆ ನಲವತ್ತೈದಾಯ್ತು. ಅರ್ಧ ಬರಲ್ವಾ?"

"ಇಲ್ಲ ದೊಡ್ಡಮ್ಮ, ಒಂದೇ ಚೂರಲ್ಲಿ ನಲವತ್ತು ಇರ್ಬೇಕು. ಆ ನೋಟೂ ಈಗ ಬ್ಯಾಂಕಲ್ಲಿದೆ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮತ್ತೆ ಈ ಹದ್ನಾಕನ್ನ ಏನ್ ಮಾಡ್ಲಿ?" ಅಂದರು.